ಐದು ಟೈಟರ್‌ಗಳಲ್ಲಿ ಒಂದು ದೂರ ನಿಂತಾಗ: ಸರಾಸರಿ, ಮಾನಕ ವಿಚಲನೆ, ವಿಶ್ವಾಸಾಂತರ ಮತ್ತು ಕೈಬಿಡುವ ನಿರ್ಧಾರ

ಪಿಪೆಟ್‌ನಿಂದ 25.00 ಮಿ.ಲೀ. ಹೈಡ್ರೊಕ್ಲೋರಿಕ್ ಆಮ್ಲವನ್ನು ಫ್ಲಾಸ್ಕ್‌ಗೆ ತೆಗೆದುಕೊಂಡು, ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯೂರೆಟ್‌ನಲ್ಲಿರುವ 0.1000 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಐದು ಸಲ ಅನುಮಾಪನ ಮಾಡಲಾಗಿದೆ ಎಂದಿಟ್ಟುಕೊಳ್ಳೋಣ. ಬ್ಯೂರೆಟ್ ಅನ್ನು 0.05 ಮಿ.ಲೀ.ವರೆಗೆ ಓದಲಾಗಿದೆ. ಬಂದ ಟೈಟರ್‌ಗಳು, ಅಂದರೆ ಪ್ರತಿ ಸಲ ಖರ್ಚಾದ ಕ್ಷಾರದ ಗಾತ್ರಗಳು, ಬಂದ ಕ್ರಮದಲ್ಲಿಯೇ, ಹೀಗಿವೆ:

```
24.60   24.65   24.55   24.85   24.60   (mL)
```

ನಾಲ್ಕು ಮೌಲ್ಯಗಳು 0.10 ಮಿ.ಲೀ. ವ್ಯಾಪ್ತಿಯೊಳಗೆ ಒತ್ತಾಗಿ ಕುಳಿತಿವೆ, 24.85 ಮಾತ್ರ ದೂರ ನಿಂತಿದೆ. ಇದನ್ನು ನೋಡಿದ ಕೂಡಲೇ ಹೊಡೆದುಹಾಕಬೇಕೆಂದು ಕೈ ತುಡಿಯುತ್ತದೆ. ಈ ಮಾರ್ಗದರ್ಶಿಯಲ್ಲಿ ಆ ಒಂದು ಮೌಲ್ಯವನ್ನು ಹಿಡಿದುಕೊಂಡೇ ಇಡೀ ಲೆಕ್ಕವನ್ನು ಮಾಡಿ ನೋಡೋಣ. ಮೊದಲು ಐದನ್ನೂ ಇಟ್ಟುಕೊಂಡು ಲೆಕ್ಕ ಮಾಡಬೇಕು, ಆಮೇಲೆ ಕೈಬಿಡುವ ಪ್ರಶ್ನೆಯನ್ನು ಎತ್ತಬೇಕು. ಈ ಕ್ರಮ ತಿರುಗುಮುರುಗಾಗಬಾರದು.

ಅಂತಿಮ ಬಿಂದು ಎಲ್ಲಿದೆ ಎಂದು ಅಂದಾಜು ಮಾಡಲು ವೇಗವಾಗಿ ನಡೆಸುವ ಮೊದಲ ಒರಟು ಅನುಮಾಪನ ಈ ಐದರಲ್ಲಿ ಸೇರಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಫಲಿತಾಂಶ ಕಾಣುವ ಮೊದಲೇ ಆದ ನಿರ್ಧಾರ, ಆದ್ದರಿಂದ ಅಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲ.

ಹಂತ 1: ಐದರ ಸರಾಸರಿ

ಐದೂ ಟೈಟರ್‌ಗಳ ಮೊತ್ತ 123.25, ಅದನ್ನು 5ರಿಂದ ಭಾಗಿಸಿದರೆ ಸರಾಸರಿ 24.65 ಮಿ.ಲೀ. ಇದರ ಜೊತೆಗೇ ಮಧ್ಯಾಂಕವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೌಲ್ಯಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟ ನಡುವೆ ಬರುವುದು 24.60. ಸರಾಸರಿಯು ಮಧ್ಯಾಂಕಕ್ಕಿಂತ 0.05 ಮಿ.ಲೀ. ಮೇಲಿದೆ ಎಂದರೆ, ಒಂದು ಕಡೆಯ ಮೌಲ್ಯವೊಂದು ಸರಾಸರಿಯನ್ನು ತನ್ನತ್ತ ಎಳೆದಿದೆ ಎಂದರ್ಥ. ಬೇರೆ ಯಾವ ಪರೀಕ್ಷೆಯನ್ನೂ ಮಾಡುವ ಮೊದಲೇ ಈ ಸುಳಿವು ಸಿಗುತ್ತದೆ.

ಹಂತ 2: ಮಾನಕ ವಿಚಲನೆ

ಪ್ರತಿ ಟೈಟರ್‌ನಿಂದ ಸರಾಸರಿಯನ್ನು ಕಳೆದು, ಬಂದ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ವರ್ಗಗಳನ್ನು ಕೂಡಿ, ಆ ಮೊತ್ತವನ್ನು n − 1ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ:

```
24.60 − 24.65 = −0.05   →  0.0025
24.65 − 24.65 =  0.00   →  0.0000
24.55 − 24.65 = −0.10   →  0.0100
24.85 − 24.65 = +0.20   →  0.0400
24.60 − 24.65 = −0.05   →  0.0025
                  ಮೊತ್ತ  =  0.0550

s = √(0.0550 / 4) = 0.117 mL
```

ಭಾಜಕ 5 ಅಲ್ಲ, 4 ಎಂಬುದನ್ನು ಗಮನಿಸಬೇಕು. ವ್ಯತ್ಯಾಸಗಳನ್ನು ಅಳೆದಿರುವುದು ನಿಜವಾದ ಮೌಲ್ಯದಿಂದಲ್ಲ, ಇದೇ ಐದು ಅಂಕಿಗಳಿಂದ ಹುಟ್ಟಿದ ಸರಾಸರಿಯಿಂದ. ಆ ಸರಾಸರಿ ಸಹಜವಾಗಿಯೇ ಈ ಅಂಕಿಗಳಿಗೆ ಹತ್ತಿರವಿರುವುದರಿಂದ 5ರಿಂದ ಭಾಗಿಸಿದರೆ ಚದುರುವಿಕೆ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಸ್ಪ್ರೆಡ್‌ಶೀಟ್ ಬಳಸುವವರು `STDEV.P` ಬಿಟ್ಟು `STDEV.S` ಆರಿಸಬೇಕಾದದ್ದು ಇದೇ ಕಾರಣಕ್ಕೆ.

ವರ್ಗಗಳ ಕಂಬಸಾಲನ್ನು ಇನ್ನೊಮ್ಮೆ ನೋಡಿ. ಒಟ್ಟು 0.0550ರಲ್ಲಿ 0.0400 ಬಂದಿರುವುದು 24.85 ಒಂದರಿಂದಲೇ. ಐದರಲ್ಲಿ ಒಂದೇ ಟೈಟರ್ ಒಟ್ಟು ಚದುರುವಿಕೆಯ ಸುಮಾರು ಮುಕ್ಕಾಲು ಭಾಗಕ್ಕೆ ಕಾರಣವಾಗಿದೆ. ದೂರ ನಿಂತ ಮೌಲ್ಯವು ಸರಾಸರಿಯನ್ನು ಸ್ವಲ್ಪವೇ ಕದಲಿಸಿದರೂ ಮಾನಕ ವಿಚಲನೆಯನ್ನು ಬಹಳ ಹಿಗ್ಗಿಸುತ್ತದೆ. ಮುಂದಿನ ಹಂತದಲ್ಲಿ ಇದರ ಬೆಲೆ ಕಾಣುತ್ತದೆ.

ಹಂತ 3: ವಿಶ್ವಾಸಾಂತರ

ಪ್ರಯೋಗಾಲಯಗಳಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್ ಎಂದೇ ಹೆಚ್ಚು ಬಳಕೆಯಲ್ಲಿರುವ ವಿಶ್ವಾಸಾಂತರವನ್ನು ಹೀಗೆ ಲೆಕ್ಕ ಹಾಕಬೇಕು:

```
ಸರಾಸರಿ ± t × s / √n
```

ಇಲ್ಲಿನ t ಎಂಬ ಗುಣಕ ಟೈಟರ್‌ಗಳ ಸಂಖ್ಯೆಯನ್ನು ಅವಲಂಬಿಸಿದೆ. ಅಳತೆಗಳು ನೂರಾರು ಇದ್ದರೆ 95 ಶೇಕಡಾ ವಿಶ್ವಾಸಕ್ಕೆ 1.96 ಸಾಕು, ಆದರೆ ನಾಲ್ಕೈದು ಟೈಟರ್‌ಗಳಿಂದ ಲೆಕ್ಕ ಮಾಡಿದ s ಸ್ವತಃ ಅನಿಶ್ಚಿತವಾದ ಅಂಕಿ. ಆ ಅನಿಶ್ಚಿತತೆಗೆ ತೆರಬೇಕಾದ ದಂಡವೇ ದೊಡ್ಡ t. ಈ ಸಮಸ್ಯೆಯನ್ನು ಬಿಡಿಸಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್. 1908ರಲ್ಲಿ ‘ಸ್ಟೂಡೆಂಟ್’ ಎಂಬ ಅಂಕಿತದಲ್ಲಿ ಅವರು ಪ್ರಕಟಿಸಿದ ಲೇಖನದಿಂದಾಗಿಯೇ ಇದಕ್ಕೆ ಸ್ಟೂಡೆಂಟ್ ಟಿ ಎಂಬ ಹೆಸರು ಬಂತು. ಅವರ ಮುಂದಿದ್ದದ್ದೂ ನಮ್ಮ ಮುಂದಿರುವ ತೊಂದರೆಯೇ, ಅಂದರೆ ಬೆರಳೆಣಿಕೆಯ ಅಳತೆಗಳು.

ಐದು ಟೈಟರ್‌ಗಳಿಗೆ t = 2.776. ಆದ್ದರಿಂದ:

```
2.776 × 0.1173 / √5 = 0.146
24.65 ± 0.15 mL   (95 %, n = 5)
```

ಸ್ಪ್ರೆಡ್‌ಶೀಟ್‌ನಲ್ಲಿ ಟೈಟರ್‌ಗಳು A1ರಿಂದ A5ರವರೆಗೆ ಇದ್ದರೆ ಇದೇ ± ಭಾಗ ಈ ಸೂತ್ರದಿಂದ ಬರುತ್ತದೆ:

```
=CONFIDENCE.T(0.05, STDEV.S(A1:A5), 5)
```

ಇದರ ಪಕ್ಕದಲ್ಲೇ ಕಾಣುವ `CONFIDENCE.NORM` ಎಂಬುದು 1.96 ಗುಣಕವನ್ನು ಬಳಸುವುದರಿಂದ ಐದು ಟೈಟರ್‌ಗಳಿಗೆ ಅಂತರವನ್ನು ಸುಮಾರು ಶೇಕಡಾ 30ರಷ್ಟು ಕುಗ್ಗಿಸಿ ತೋರಿಸುತ್ತದೆ. ಉತ್ತರ ನೋಡಲು ಅಚ್ಚುಕಟ್ಟಾಗಿರುವುದರಿಂದ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ಈ ಅಂತರದ ಅರ್ಥವನ್ನೂ ಸರಿಯಾಗಿ ಹಿಡಿಯಬೇಕು. ಮುಂದಿನ ಟೈಟರ್‌ಗಳಲ್ಲಿ ಶೇಕಡಾ 95ರಷ್ಟು 24.50ರಿಂದ 24.80ರ ಒಳಗೆ ಬೀಳುತ್ತವೆ ಎಂದು ಇದು ಹೇಳುವುದಿಲ್ಲ. ಇದೇ ರೀತಿ ಐದೈದು ಅನುಮಾಪನಗಳ ಗುಂಪುಗಳನ್ನು ಮತ್ತೆ ಮತ್ತೆ ಮಾಡಿ ಪ್ರತಿ ಗುಂಪಿಗೂ ಒಂದೊಂದು ಅಂತರವನ್ನು ಲೆಕ್ಕ ಹಾಕುತ್ತ ಹೋದರೆ, ಅವುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಅಂತರಗಳು ಈ ವಿಧಾನದ ದೀರ್ಘಕಾಲದ ಸರಾಸರಿಯನ್ನು ಒಳಗೊಂಡಿರುತ್ತವೆ ಎಂಬುದಷ್ಟೇ ಇದರ ಭರವಸೆ.

ಈಗ 24.85 ಇಲ್ಲದೆ ಲೆಕ್ಕ ಮಾಡಿದರೆ ಏನಾಗುತ್ತಿತ್ತು ಎಂದು ನೋಡೋಣ. ನಾಲ್ಕರ ಸರಾಸರಿ 24.60, s = 0.041, t = 3.182, ಅಂತರ ±0.065. ಸರಾಸರಿ ಬದಲಾದದ್ದು 0.05 ಮಿ.ಲೀ. ಮಾತ್ರ, ಅಂದರೆ ಸರಿಸುಮಾರು ಒಂದು ಹನಿ. ಆದರೆ ಅಂತರ ಅರ್ಧಕ್ಕಿಂತಲೂ ಕಿರಿದಾಗಿದೆ. ಆದ್ದರಿಂದ 24.85 ಅನ್ನು ಕೈಬಿಡುವ ನಿರ್ಧಾರವು ಮುಖ್ಯವಾಗಿ ಉತ್ತರದ ಬಗ್ಗೆ ಅಲ್ಲ. ನಮ್ಮ ಉತ್ತರವನ್ನು ಎಷ್ಟು ಖಚಿತವೆಂದು ಹೇಳಿಕೊಳ್ಳುತ್ತೇವೆ ಎಂಬುದರ ಬಗ್ಗೆ. ಅದು ನಿಜವಾಗಿಯೂ ಕೈತಪ್ಪಿನಿಂದ ಬಂದದ್ದಾದರೆ ಅದನ್ನು ಇಟ್ಟುಕೊಂಡು ನಮ್ಮ ವಿಧಾನವನ್ನು ಅನಗತ್ಯವಾಗಿ ಒರಟೆಂದು ತೋರಿಸುತ್ತೇವೆ. ಅದು ವಿಧಾನದ ಸಹಜ ಏರಿಳಿತವೇ ಆಗಿದ್ದರೆ, ಅದನ್ನು ಕೈಬಿಟ್ಟು ನಮ್ಮಲ್ಲಿಲ್ಲದ ನಿಖರತೆಯನ್ನು ಇದೆಯೆಂದು ಹೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಎರಡನೆಯದು ದೊಡ್ಡ ತಪ್ಪು, ಏಕೆಂದರೆ ಆ ಕಿರಿದಾದ ಅಂತರವನ್ನು ಓದುವವರಿಗೆ ಅದನ್ನು ಅನುಮಾನಿಸಲು ಯಾವ ಕಾರಣವೂ ಉಳಿದಿರುವುದಿಲ್ಲ.

ಹಂತ 4: ಪರೀಕ್ಷೆಗೆ ಮೊದಲು ಕಾರಣವನ್ನು ಹುಡುಕುವುದು

ಅಂಕಿಅಂಶದ ಪರೀಕ್ಷೆಗೆ ಹೋಗುವ ಮೊದಲು ಬ್ಯೂರೆಟ್, ಫ್ಲಾಸ್ಕ್ ಮತ್ತು ಟಿಪ್ಪಣಿ ಪುಸ್ತಕವನ್ನು ನೋಡಬೇಕು. ಟೈಟರ್ ಹೆಚ್ಚಾಗಿ ಬರಲು ನಿರ್ದಿಷ್ಟ ಕಾರಣಗಳಿವೆ. ಬ್ಯೂರೆಟ್‌ನ ತುದಿಯಲ್ಲಿ ಸಿಕ್ಕಿಕೊಂಡಿದ್ದ ಗಾಳಿಗುಳ್ಳೆ ನಡುವೆ ಹೊರಬಿದ್ದರೆ, ಆ ಗುಳ್ಳೆಯ ಜಾಗವನ್ನು ತುಂಬಿದ ದ್ರಾವಣವೂ ಫ್ಲಾಸ್ಕ್‌ಗೆ ಹೋದದ್ದೆಂದು ಲೆಕ್ಕಕ್ಕೆ ಬರುತ್ತದೆ. ಫ್ಲಾಸ್ಕ್ ಅನ್ನು ನೀರಿನಿಂದ ತೊಳೆಯುವ ಬದಲು ಆಮ್ಲದಿಂದಲೇ ತೊಳೆದಿದ್ದರೆ ಒಳಗೆ ಉಳಿದ ಆಮ್ಲವು ಹೆಚ್ಚು ಕ್ಷಾರವನ್ನು ಬೇಡುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಅಂತಿಮ ಬಿಂದುವನ್ನು ದಾಟಿಹೋಗುವುದು: ಫಿನಾಲ್ಫ್ತಲೀನ್ ತಿಳಿ ಗುಲಾಬಿಯಲ್ಲಿ ನಿಲ್ಲಬೇಕಾದಲ್ಲಿ ಗಾಢವಾದ ಗುಲಾಬಿಗೆ ತಿರುಗಿರುತ್ತದೆ. ಒಂದು ಹನಿ ಸುಮಾರು 0.05 ಮಿ.ಲೀ. ಆದ್ದರಿಂದ 0.20 ಮಿ.ಲೀ. ಹೆಚ್ಚಳಕ್ಕೆ ನಾಲ್ಕು ಹನಿ ಜಾಸ್ತಿ ಬಿದ್ದರೆ ಸಾಕು. ನಲ್ಲಿಯನ್ನು ಕ್ಷಣಕಾಲ ತಡವಾಗಿ ಮುಚ್ಚಿದರೂ ಅಷ್ಟಾಗುತ್ತದೆ.

ಪ್ರಯೋಗದ ಸಮಯದಲ್ಲೇ “4ನೆಯದು: ಬಣ್ಣ ಗಾಢ, ದಾಟಿರಬಹುದು” ಎಂದು ಬರೆದಿದ್ದರೆ 24.85 ಅನ್ನು ಯಾವ ಪರೀಕ್ಷೆಯೂ ಇಲ್ಲದೆ ಕೈಬಿಡಬಹುದು. ತಪ್ಪು ನಡೆದದ್ದು ಕಣ್ಣಿಗೆ ಕಂಡಿದೆ, ಅದಕ್ಕೆ ಸಾಕ್ಷಿ ಟೈಟರ್‌ನ ಅಂಕಿಯಲ್ಲ, ಬಣ್ಣ. ಹಾಗೆ ಕಂಡ ತಪ್ಪು ನಡೆದ ಟೈಟರ್ ಉಳಿದವುಗಳಿಗೆ ಹೊಂದಿಕೊಂಡೇ ಬಂದಿದ್ದರೂ ಅದನ್ನು ಕೈಬಿಡಬೇಕು ಎಂಬುದು ಇದೇ ನಿಯಮದ ಇನ್ನೊಂದು ಮುಖ. ಇದನ್ನು ಪಾಲಿಸುವವರು ಕಡಿಮೆ. ಫಲಿತಾಂಶ ಕಂಡ ಮೇಲೆ “ಬಹುಶಃ ದಾಟಿರಬೇಕು” ಎಂದು ನೆನಪಿಸಿಕೊಳ್ಳುವುದಕ್ಕೆ ಈ ಬೆಲೆ ಇಲ್ಲ.

ನಮ್ಮ ಉದಾಹರಣೆಯಲ್ಲಿ ಅಂಥ ಯಾವ ಟಿಪ್ಪಣಿಯೂ ಇಲ್ಲ ಎಂದುಕೊಂಡು ಮುಂದೆ ಹೋಗೋಣ.

ಹಂತ 5: ಕ್ಯೂ ಪರೀಕ್ಷೆ ಮತ್ತು ಗ್ರಬ್ಸ್ ಪರೀಕ್ಷೆ

ಡೀನ್ ಮತ್ತು ಡಿಕ್ಸನ್ 1951ರಲ್ಲಿ ಸೂಚಿಸಿದ ಕ್ಯೂ ಪರೀಕ್ಷೆ ಕೈಲೆಕ್ಕಕ್ಕೆ ಸುಲಭ. ಅನುಮಾನದ ಮೌಲ್ಯಕ್ಕೂ ಅದರ ಹತ್ತಿರದ ನೆರೆಯ ಮೌಲ್ಯಕ್ಕೂ ಇರುವ ಅಂತರವನ್ನು, ಗರಿಷ್ಠ ಮತ್ತು ಕನಿಷ್ಠ ಮೌಲ್ಯಗಳ ನಡುವಿನ ಒಟ್ಟು ವ್ಯಾಪ್ತಿಯಿಂದ ಭಾಗಿಸಬೇಕು:

```
Q = (24.85 − 24.65) / (24.85 − 24.55) = 0.20 / 0.30 = 0.667
```

ಗ್ರಬ್ಸ್ ಪರೀಕ್ಷೆಯಲ್ಲಿ ಸರಾಸರಿಯಿಂದ ಇರುವ ದೂರವನ್ನು ಮಾನಕ ವಿಚಲನೆಯಿಂದ ಭಾಗಿಸುತ್ತೇವೆ. ಸರಾಸರಿಯನ್ನೂ s ಅನ್ನೂ ಅನುಮಾನದ ಮೌಲ್ಯವನ್ನು ಸೇರಿಸಿಕೊಂಡೇ ಲೆಕ್ಕ ಮಾಡಿರಬೇಕು:

```
G = (24.85 − 24.65) / 0.117 = 1.71
```

ಇವನ್ನು 95 ಶೇಕಡಾ ಮಟ್ಟದ ಮಿತಿಗಳೊಂದಿಗೆ ಹೋಲಿಸಬೇಕು. ಗ್ರಬ್ಸ್ ಮಿತಿಗಳು, ಅನುಮಾನದ ಮೌಲ್ಯ ಮೇಲೆ ಅಥವಾ ಕೆಳಗೆ ಯಾವ ಕಡೆಯಾದರೂ ಇರಬಹುದು ಎಂದುಕೊಂಡು ಕೊಟ್ಟವು. ಜೊತೆಗೆ t ಗುಣಕವನ್ನೂ ಕೊಟ್ಟಿದ್ದೇನೆ.

| n | Q ಮಿತಿ | G ಮಿತಿ | t |
|---|---|---|---|
| 3 | 0.970 | 1.155 | 4.303 |
| 4 | 0.829 | 1.481 | 3.182 |
| 5 | 0.710 | 1.715 | 2.776 |
| 6 | 0.625 | 1.887 | 2.571 |
| 7 | 0.568 | 2.020 | 2.447 |

ಲೆಕ್ಕ ಮಾಡಿದ ಅಂಕಿ ಮಿತಿಯನ್ನು ಮೀರಿದರೆ ಮಾತ್ರ ಕೈಬಿಡಬಹುದು. ನಮ್ಮ Q 0.667, ಮಿತಿ 0.710, ಆದ್ದರಿಂದ ಕೈಬಿಡುವಂತಿಲ್ಲ. G ಇನ್ನೂ ಅಂಚಿನಲ್ಲಿದೆ: ಹೆಚ್ಚು ದಶಮಾಂಶಗಳಲ್ಲಿ ಬರೆದರೆ 1.706, ಮಿತಿ 1.715. ಅದೂ ಮೀರಿಲ್ಲ. ಆದರೆ ಕ್ಯೂ ಪರೀಕ್ಷೆಯ 90 ಶೇಕಡಾ ಮಟ್ಟದ ಕೋಷ್ಟಕವನ್ನು ತೆರೆದರೆ ಐದು ಮೌಲ್ಯಗಳಿಗೆ ಮಿತಿ 0.642, ಮತ್ತು ಅದರ ಪ್ರಕಾರ ಇದೇ 24.85 ಹೊರಗೆ ಹೋಗುತ್ತದೆ. ಕೋಷ್ಟಕವನ್ನು ಆರಿಸುವುದರಲ್ಲೇ ಉತ್ತರ ಅಡಗಿರುವಾಗ, ಯಾವ ಪರೀಕ್ಷೆ ಮತ್ತು ಯಾವ ಮಟ್ಟ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಡದಿದ್ದರೆ ನಾವು ನಡೆಸುತ್ತಿರುವುದು ಪರೀಕ್ಷೆಯಲ್ಲ, ಬೇಕಾದ ಉತ್ತರಕ್ಕೆ ಅನುಮತಿಯ ಹುಡುಕಾಟ. ನಾನು 95 ಶೇಕಡಾ ಮಟ್ಟದ ಗ್ರಬ್ಸ್ ಪರೀಕ್ಷೆಯನ್ನು ನಿಯಮವಾಗಿ ಇಟ್ಟುಕೊಳ್ಳಲು ಹೇಳುತ್ತೇನೆ, ಏಕೆಂದರೆ ಅದು ಎಲ್ಲ ಮೌಲ್ಯಗಳನ್ನೂ ಬಳಸುತ್ತದೆ, ಕ್ಯೂ ಪರೀಕ್ಷೆಯಂತೆ ಮೂರನ್ನು ಮಾತ್ರವಲ್ಲ.

ಮೂರೇ ಟೈಟರ್‌ಗಳಿದ್ದಾಗ ಈ ಪರೀಕ್ಷೆಗಳ ಮಾತನ್ನು ಕೇಳಲೇಬಾರದು. ಬ್ಯೂರೆಟ್ ಅನ್ನು 0.05ರ ಮೆಟ್ಟಿಲಲ್ಲಿ ಓದುವಾಗ 24.60, 24.60, 24.65 ಎಂಬುದು ಅತ್ಯುತ್ತಮ ಹೊಂದಾಣಿಕೆ. ಆದರೆ Q ಲೆಕ್ಕ ಮಾಡಿದರೆ 0.05 / 0.05 = 1, ಅದು ಯಾವ ಮಿತಿಯನ್ನಾದರೂ ಮೀರುತ್ತದೆ; G ಕೂಡ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ. ಎರಡು ಓದಿಕೆಗಳು ಒಂದೇ ಮೆಟ್ಟಿಲಿನ ಮೇಲೆ ಬಿದ್ದವು ಎಂಬ ಆಕಸ್ಮಿಕವನ್ನು ಪರೀಕ್ಷೆಯು ಮೂರನೆಯದರ ತಪ್ಪೆಂದು ಓದುತ್ತಿದೆ. ಪಕ್ಕದ ಮೌಲ್ಯಕ್ಕೆ ಇರುವ ದೂರ ಓದಿಕೆಯ ಒಂದೆರಡು ಮೆಟ್ಟಿಲುಗಳಷ್ಟೇ ಆಗಿದ್ದರೆ, ಪರೀಕ್ಷೆ ಏನೇ ಹೇಳಲಿ, ಆ ಮೌಲ್ಯವನ್ನು ಇಟ್ಟುಕೊಳ್ಳಬೇಕು. ಮೂರೂ ಟೈಟರ್‌ಗಳು ಒಂದೇ ಆಗಿ ಬಂದು s ಸೊನ್ನೆಯಾದರೆ ವಿಶ್ವಾಸಾಂತರವೂ ಸೊನ್ನೆ ಎಂದು ಬರೆಯಲಾಗದು ಎಂಬುದಕ್ಕೂ ಇದೇ ಕಾರಣ: ಆರಂಭ ಮತ್ತು ಅಂತ್ಯದ ಎರಡು ಓದಿಕೆಗಳನ್ನು 0.05ಕ್ಕೆ ಹೊಂದಿಸಿ ಬರೆಯುವುದರಿಂದಲೇ ಸುಮಾರು 0.02 ಮಿ.ಲೀ. ಮಾನಕ ವಿಚಲನೆ ಉಂಟಾಗುತ್ತದೆ.

ಹಂತ 6: ಅಂಚಿನಲ್ಲಿ ನಿಂತಾಗ ಇನ್ನೂ ಅನುಮಾಪನ ಮಾಡುವುದು

ನಮ್ಮ ನಿಯಮದ ಪ್ರಕಾರ 24.85 ಸದ್ಯಕ್ಕೆ ಒಳಗೆ ಉಳಿಯಿತು. ಸಮಯವಾಗಲಿ ಆಮ್ಲವಾಗಲಿ ಉಳಿದಿಲ್ಲದಿದ್ದರೆ 24.65 ± 0.15 ಎಂದು ವರದಿ ಮಾಡಿ, ಬೇಕಾದರೆ ಮಧ್ಯಾಂಕ 24.60 ಎಂಬುದನ್ನೂ ಜೊತೆಗೆ ಬರೆಯಬೇಕು. ಆದರೆ ಆಮ್ಲ ಉಳಿದಿದ್ದರೆ ಇನ್ನೂ ಎರಡು ಅನುಮಾಪನಗಳನ್ನು ಮಾಡುವುದು ಎಲ್ಲ ಕೋಷ್ಟಕಗಳಿಗಿಂತ ಉತ್ತಮ. ಎಷ್ಟು ಮಾಡುತ್ತೇವೆ ಎಂಬುದನ್ನು ಮೊದಲೇ ನಿಶ್ಚಯಿಸಿ ಬರೆದಿಡಬೇಕು. ಒಂದೊಂದೇ ಟೈಟರ್ ಸೇರಿಸಿ, ಪ್ರತಿ ಸಲವೂ ಪರೀಕ್ಷಿಸಿ, 24.85 ಹೊರಬೀಳುವ ಕ್ಷಣದಲ್ಲಿ ನಿಲ್ಲಿಸಿದರೆ 95 ಶೇಕಡಾ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಎರಡು ಹೊಸ ಟೈಟರ್‌ಗಳು 24.60 ಮತ್ತು 24.65 ಎಂದು ಬಂದವೆನ್ನೋಣ. ಏಳೂ ಸೇರಿ ಸರಾಸರಿ 24.643, s = 0.0976. ಈಗ:

```
G = (24.85 − 24.643) / 0.0976 = 2.12     ಮಿತಿ (n = 7): 2.020
```

G ಮಿತಿಯನ್ನು ಮೀರಿದೆ. 24.85ರ ಅಂಕಿ ಬದಲಾಗಿಲ್ಲ, ಅದರ ನೆರೆಹೊರೆ ಬದಲಾಗಿದೆ: ಐದರಲ್ಲಿ ಒಂದು ದೂರ ನಿಲ್ಲುವುದು ಆಕಸ್ಮಿಕವಾಗಿರಬಹುದಿತ್ತು, ಆರು ಟೈಟರ್‌ಗಳು 0.10 ಮಿ.ಲೀ. ಒಳಗೇ ಉಳಿದಾಗ ಆ ಸಾಧ್ಯತೆ ಕುಗ್ಗಿತು. ನಿಯಮದಂತೆ ಈಗ ಅದನ್ನು ಕೈಬಿಡಬಹುದು. ಉಳಿದ ಆರಕ್ಕೆ:

```
ಸರಾಸರಿ = 24.608    s = 0.0376    t = 2.571
2.571 × 0.03764 / √6 = 0.040
24.61 ± 0.04 mL   (95 %, n = 6)
```

ಇಲ್ಲಿಗೆ ನಿಲ್ಲಿಸಬೇಕು. ಉಳಿದ ಆರನ್ನು ಹಿಡಿದು, ಈಗ ಅಂಚಿನಲ್ಲಿರುವ 24.55 ಅನ್ನು ಮತ್ತೆ ಪರೀಕ್ಷೆಗೆ ಹಾಕುವುದು, ಆಮೇಲೆ ಮುಂದಿನದನ್ನು ಹಾಕುವುದು ಸರಿಯಲ್ಲ. ಹಾಗೆ ತರಿದು ತರಿದು ಹೋದರೆ ಯಾವ ಗುಂಪನ್ನಾದರೂ ಅಂದಗೊಳಿಸಬಹುದು. ಒಂದೇ ಕಡೆ ಎರಡು ಮೌಲ್ಯಗಳು ದೂರ ನಿಂತಿದ್ದರೆ, ಉದಾಹರಣೆಗೆ 24.85 ಮತ್ತು 24.80, ಒಂದು ಇನ್ನೊಂದಕ್ಕೆ ಮರೆಯಾಗಿ ಈ ಪರೀಕ್ಷೆಗಳು ಕೆಲಸ ಮಾಡುವುದಿಲ್ಲ. ಅದು ಕೈತಪ್ಪಿಗಿಂತ ಹೆಚ್ಚಾಗಿ ದ್ರಾವಣ ಬದಲಾದದ್ದರ ಅಥವಾ ನಲ್ಲಿ ಸೋರುತ್ತಿರುವುದರ ಲಕ್ಷಣ, ಆದ್ದರಿಂದ ಆಗ ಹುಡುಕಬೇಕಾದದ್ದು ಆ ಕಾರಣವನ್ನೇ.

ಹೊಂದಿಕೊಳ್ಳುವ ಮೂರು ಟೈಟರ್‌ಗಳು ಸಿಗುವವರೆಗೆ ಅನುಮಾಪನ ಮಾಡಿ ಅವುಗಳ ಸರಾಸರಿಯನ್ನಷ್ಟೇ ಬರೆಯುವ ರೂಢಿ ಕಲಿಕೆಯ ಪ್ರಯೋಗಾಲಯಗಳಲ್ಲಿ ಇದೆ. ಕೈಯನ್ನು ಪಳಗಿಸಲು ಅದು ಸರಿ. ಆದರೆ ಹಾಗೆ ಆರಿಸಿದ ಮೂರರಿಂದ s ಮತ್ತು ವಿಶ್ವಾಸಾಂತರವನ್ನು ಲೆಕ್ಕ ಮಾಡಬಾರದು: ಒಂದಕ್ಕೊಂದು ಹತ್ತಿರವಿವೆ ಎಂಬ ಕಾರಣಕ್ಕೇ ಆರಿಸಿದ ಅಂಕಿಗಳು ಹತ್ತಿರವಿರುವುದು ಯಾವುದಕ್ಕೂ ಪುರಾವೆಯಲ್ಲ.

ಹಂತ 7: ಸಾಂದ್ರತೆಗೆ ಪರಿವರ್ತಿಸಿ ವರದಿ ಬರೆಯುವುದು

ಆಮ್ಲ ಮತ್ತು ಕ್ಷಾರ ಒಂದು ಮೋಲ್‌ಗೆ ಒಂದು ಮೋಲ್‌ನಂತೆ ವರ್ತಿಸುವುದರಿಂದ ಆಮ್ಲದ ಸಾಂದ್ರತೆ 0.1000 × 24.608 / 25.00 = 0.09843 ಮೋಲಾರ್. ± ಭಾಗವನ್ನೂ ಅದೇ ಗುಣಕದಿಂದ ಗುಣಿಸಿದರೆ 0.00016 ಬರುತ್ತದೆ. ದಶಮಾಂಶಗಳನ್ನು ಕತ್ತರಿಸುವುದು ಕೊನೆಯ ಹಂತದಲ್ಲಿ ಮಾತ್ರ: ಮೊದಲು ± ಭಾಗವನ್ನು ಒಂದು ಸಾರ್ಥಕ ಅಂಕಿಗೆ ಇಳಿಸಿ, ಆಮೇಲೆ ಸರಾಸರಿಯನ್ನು ಅದೇ ಸ್ಥಾನಕ್ಕೆ ಇಳಿಸಬೇಕು. ಉತ್ತರ 0.0984 ± 0.0002 ಮೋಲಾರ್.

ಈ ± ಒಳಗೆ ಇರುವುದು ಅನುಮಾಪನದಿಂದ ಅನುಮಾಪನಕ್ಕೆ ಬದಲಾದ ಏರಿಳಿತ ಮಾತ್ರ. ಎಲ್ಲ ಟೈಟರ್‌ಗಳನ್ನೂ ಒಂದೇ ದಿಕ್ಕಿಗೆ ಎಳೆಯುವ ದೋಷ ಅದರಲ್ಲಿ ಕಾಣುವುದಿಲ್ಲ. ಎ ದರ್ಜೆಯ 25 ಮಿ.ಲೀ. ಪಿಪೆಟ್‌ಗೆ ±0.03 ಮಿ.ಲೀ., ಅದೇ ದರ್ಜೆಯ 50 ಮಿ.ಲೀ. ಬ್ಯೂರೆಟ್‌ಗೆ ±0.05 ಮಿ.ಲೀ. ಸಹಿಷ್ಣುತೆ ಇರುತ್ತದೆ. ನಮ್ಮ 0.04 ಮಿ.ಲೀ. ಅಂತರ ಆಗಲೇ ಅಷ್ಟೇ ಗಾತ್ರದ್ದು; ಇನ್ನಷ್ಟು ಅನುಮಾಪನಗಳನ್ನು ಮಾಡಿ ಅದನ್ನು ಕುಗ್ಗಿಸಿದರೂ ಅದೇ ಪಿಪೆಟ್, ಅದೇ ಬ್ಯೂರೆಟ್ ಬಳಸುವವರೆಗೆ ಒಟ್ಟು ಅನಿಶ್ಚಿತತೆ ಹೆಚ್ಚೇನೂ ಇಳಿಯುವುದಿಲ್ಲ. ಕ್ಷಾರದ ಸಾಂದ್ರತೆ 0.1000 ಎಂಬುದೇ ತಪ್ಪಾಗಿದ್ದರೆ, ಉದಾಹರಣೆಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ದುರ್ಬಲವಾಗಿದ್ದರೆ, ಎಷ್ಟು ಟೈಟರ್‌ಗಳೂ ಅದನ್ನು ಹೇಳಿಕೊಡುವುದಿಲ್ಲ.

ಕೈಬಿಟ್ಟ ಟೈಟರ್ ಅನ್ನು ಟಿಪ್ಪಣಿ ಪುಸ್ತಕದಿಂದ ಅಳಿಸಬಾರದು. ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. ನಮ್ಮ ಉದಾಹರಣೆಗೆ ವರದಿಯ ಸಾಲುಗಳು ಹೀಗಿರಬಹುದು: “ಒಟ್ಟು 7 ಟೈಟರ್‌ಗಳು: 24.60, 24.65, 24.55, 24.85, 24.60, 24.60, 24.65 ಮಿ.ಲೀ. ಮೊದಲ 5ರಲ್ಲಿ ಗ್ರಬ್ಸ್ ಪರೀಕ್ಷೆ ಅಂಚಿನಲ್ಲಿದ್ದುದರಿಂದ 2 ಹೆಚ್ಚುವರಿ ಅನುಮಾಪನಗಳನ್ನು ಮಾಡಲಾಯಿತು. 7ಕ್ಕೆ G = 2.12, 95 ಶೇಕಡಾ ಮಿತಿ 2.020, 24.85 ಕೈಬಿಡಲಾಗಿದೆ, ಕಾರಣ ಪತ್ತೆಯಾಗಿಲ್ಲ. ಉಳಿದ 6ರ ಸರಾಸರಿ 24.61 ± 0.04 ಮಿ.ಲೀ.; ಕೈಬಿಡದಿದ್ದರೆ 24.64 ± 0.09 ಮಿ.ಲೀ.”